ಉರಿಯುವ, ಕೆಂಪಾಗುವ ಮುಖಕ್ಕೆ ಮುಂದಿನ ಆರು ವಾರಗಳ ದಿನಚರಿ

"ಮನೆಗೆ ಹೋದ್ರೆ ಮರ್ತೋಗುತ್ತೆ ಡಾಕ್ಟ್ರೇ, ಬರ್ದು ಕೊಡಿ, ಮಗಳು ಓದಿ ಹೇಳ್ತಾಳೆ" ಎಂದು ನೀವು ಕೇಳಿದ್ದರಿಂದ, ಚಿಕ್ಕಬಳ್ಳಾಪುರದ ನನ್ನ ಕ್ಲಿನಿಕ್ಕಿನಲ್ಲಿ ಇಂದು ಆಡಿದ ಮಾತುಗಳನ್ನೆಲ್ಲ ಇಲ್ಲಿ ಬರೆದಿದ್ದೇನೆ. ಮಗಳು ಒಂದು ಸಲ ಪೂರ್ತಿ ಓದಿ ಹೇಳಲಿ. ಆಮೇಲೆ ಬೆಳಿಗ್ಗೆಯ ಮತ್ತು ರಾತ್ರಿಯ ಭಾಗಗಳನ್ನು ಕನ್ನಡಿಯ ಪಕ್ಕದಲ್ಲಿ ಅಂಟಿಸಿಕೊಂಡರೆ ಸಾಕು.

ಎರಡು ವರ್ಷದಿಂದ ನಿಮ್ಮ ಕೆನ್ನೆ, ಮೂಗು ಮತ್ತು ಗದ್ದ ಬಿಸಿಯಾಗಿ ಕೆಂಪೇರುತ್ತಿವೆ, ಬೆವರು ತಾಗಿದರೂ ಚುಚ್ಚಿದಂತಾಗುತ್ತದೆ, ಸಣ್ಣ ಗುಳ್ಳೆಗಳಿವೆ. ಮೊಡವೆಯಲ್ಲಿ ಕಾಣುವ ಕಪ್ಪು ಚುಕ್ಕೆಗಳು ಮಾತ್ರ ಇಲ್ಲ. ಭೂತಗನ್ನಡಿಯಲ್ಲಿ ನೋಡಿದಾಗ ಕೆನ್ನೆಯ ಮೇಲೆ ಹಿಗ್ಗಿದ ಸಣ್ಣ ರಕ್ತನಾಳಗಳು ಕಂಡವು. ಇವೆಲ್ಲ ರೊಸೇಸಿಯಾ ಎಂಬ ದೀರ್ಘಕಾಲದ ಉರಿಯೂತದ ಲಕ್ಷಣಗಳು. ಗೋಧಿ ಬಣ್ಣದ ಚರ್ಮದಲ್ಲಿ ಈ ಕೆಂಪು ಎದ್ದು ಕಾಣದೆ ಕಂದಿದಂತೆ ಕಾಣುವುದರಿಂದ ಮನೆಯವರು ಇದನ್ನು ಬಂಗು ಎಂದುಕೊಂಡದ್ದು ಸಹಜವೇ. ಆದರೆ ಬಂಗು ಉರಿಯುವುದಿಲ್ಲ, ನಿಮ್ಮ ಮುಖ ಉರಿಯುತ್ತಿದೆ. ನನಗೆ ಮುಖ್ಯವಾದ ಸುಳಿವು ಅದೇ.

ಆದರೂ ನಾನು ಶಂಕೆ ಎಂದೇ ಬರೆಯುತ್ತಿದ್ದೇನೆ, ಏಕೆಂದರೆ ಬಂಗಿಗೆಂದು ಎಂಟು ತಿಂಗಳು ಹಚ್ಚಿದ ಆ ಟ್ಯೂಬಿನಲ್ಲಿ ಸ್ಟೀರಾಯ್ಡ್ ಇದೆ. ಅದು ಮೊದಮೊದಲು ಮುಖವನ್ನು ತಿಳಿಯಾಗಿಸಿ, ಬರುಬರುತ್ತಾ ಚರ್ಮವನ್ನು ತೆಳುವಾಗಿಸಿ, ರಕ್ತನಾಳಗಳನ್ನು ಹಿಗ್ಗಿಸಿ, ರೊಸೇಸಿಯಾದಂತೆಯೇ ಕಾಣುವ ಸ್ಥಿತಿಯನ್ನು ತಾನೇ ಉಂಟುಮಾಡಬಲ್ಲದು. ಇಂದಿನಿಂದ ಅದನ್ನು ನಿಲ್ಲಿಸಿ. ನಿಲ್ಲಿಸಿದ ಕೆಲವು ದಿನಗಳಲ್ಲೇ ಉರಿ ಮತ್ತು ಕೆಂಪು ಹೆಚ್ಚಾಗಬಹುದು, ಒಂದೆರಡು ವಾರ ಕಷ್ಟವೇ ಅನಿಸಬಹುದು. ಅದು ಔಷಧಿ ಬಿಟ್ಟದ್ದರ ಪರಿಣಾಮವೇ ಹೊರತು ಈ ದಿನಚರಿಯ ತಪ್ಪಲ್ಲ. ಆಗ ಹಳೆಯ ಟ್ಯೂಬಿಗೆ ಕೈಹಾಕಬೇಡಿ, ತಡೆಯಲಾಗದಿದ್ದರೆ ನನ್ನ ಬಳಿ ಬನ್ನಿ. ಚೀಟಿಯಿಲ್ಲದೆ ಆ ಟ್ಯೂಬನ್ನು ಮಾರಬಾರದಿತ್ತು. ನಿಮ್ಮ ಮೇಲೆ ನನಗೆ ಬೇಸರವಿಲ್ಲ.

ಬೆಳಿಗ್ಗೆ ಎದ್ದ ಮೇಲೆ ಮುಖಕ್ಕೆ ಸಾಬೂನು ಬೇಡ, ತಣ್ಣೀರೂ ಅಲ್ಲದ ಬಿಸಿನೀರೂ ಅಲ್ಲದ ಉಗುರುಬೆಚ್ಚಗಿನ ನೀರು ಸಾಕು. ಹಳೆಯ ಮೆತ್ತನೆಯ ಪಂಚೆಯ ತುಂಡಿನಿಂದ ಒತ್ತಿ ಒರೆಸಿ, ಉಜ್ಜಬೇಡಿ. ಸೆರಮೈಡ್ ಮತ್ತು ಗ್ಲಿಸರಿನ್ ಇರುವ, ಪರಿಮಳವಿಲ್ಲದ ಮಾಯಿಶ್ಚರೈಸರನ್ನು ತೆಳುವಾಗಿ ಹಚ್ಚಿ. ಹತ್ತು ನಿಮಿಷ ಬಿಟ್ಟು, ಜಿಂಕ್ ಆಕ್ಸೈಡ್ ಇರುವ, ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನನ್ನು ತೋರುಬೆರಳು ಮತ್ತು ನಡುಬೆರಳ ಉದ್ದಕ್ಕೂ ಎರಡು ಗೆರೆ ಹಿಂಡಿಕೊಂಡು ಮುಖಕ್ಕೂ ಕತ್ತಿಗೂ ಹಚ್ಚಿ. ಮುಖ ಬಿಳಿಚಿಕೊಂಡಂತೆ ಕಂಡರೆ ಇದನ್ನೇ ಕಂದು ಬಣ್ಣ ಬೆರೆತ ಬಗೆಯಲ್ಲಿ ಕೇಳಿ ಪಡೆಯಿರಿ. ಸಂಕೋಚಪಟ್ಟು ಕಡಿಮೆ ಹಚ್ಚುವುದರಿಂದ ಪ್ರಯೋಜನವಿಲ್ಲ. ಬಿಸಿಲಿಗೆ ಹೊರಡುವಾಗ ಇದರ ಜೊತೆಗೆ ಛತ್ರಿಯೂ ಇರಲಿ.

ಇನ್ನು ಕೆಲಸದ ವಿಷಯ. ಈ ದಿನಚರಿಯಲ್ಲಿ ನನಗೆ ಅತ್ಯಂತ ಚಿಂತೆಯಿರುವುದು ಇಲ್ಲಿಯೇ. ಶಿಡ್ಲಘಟ್ಟದ ರೇಷ್ಮೆ ಘಟಕದಲ್ಲಿ ಬೆಂದ ಗೂಡುಗಳಿಂದ ನೂಲು ಬಿಚ್ಚುತ್ತಾ ದಿನಕ್ಕೆ ಎಂಟು ಗಂಟೆ ಬಿಸಿನೀರಿನ ಆವಿಯ ಮೇಲೆ ಬಗ್ಗಿರುತ್ತೀರಿ. ಶಾಖ ತಾಗಿದಾಗ ಮುಖದ ರಕ್ತನಾಳಗಳು ಹಿಗ್ಗುತ್ತವೆ. ಈ ಕಾಯಿಲೆಯಿರುವವರಲ್ಲಿ ಅವು ಬೇಗ ಕುಗ್ಗುವುದಿಲ್ಲ, ಹೀಗೆ ದಿನವೂ ಆದರೆ ಯಾವ ಮುಲಾಮಿನಿಂದಲೂ ಪೂರ್ತಿ ಪ್ರಯೋಜನ ಸಿಗದು. ಕೆಲಸ ಬಿಡಿ ಎಂದು ಸುಲಭವಾಗಿ ಹೇಳಲಾರೆ, ನಿಮ್ಮ ಕೂಲಿಯಲ್ಲೇ ಮನೆ ನಡೆಯುತ್ತಿದೆ ಎಂಬುದನ್ನು ಬಲ್ಲೆ. ಆದ್ದರಿಂದ ಈ ಆರು ವಾರಗಳ ಮಟ್ಟಿಗಾದರೂ ಒಣಗಿದ ನೂಲನ್ನು ಲಡಿ ಕಟ್ಟುವ ಕೆಲಸಕ್ಕೆ ನಿಮ್ಮನ್ನು ಹಾಕಬೇಕೆಂದು ಮಾಲೀಕರಿಗೆ ಒಂದು ಪತ್ರ ಬರೆದು ಇದರ ಜೊತೆಗೆ ಇಟ್ಟಿದ್ದೇನೆ. ಅದು ಆಗದಿದ್ದರೆ, ಆವಿಯನ್ನು ನಿಮ್ಮ ಮುಖದಿಂದ ಆಚೆಗೆ ತಳ್ಳುವಂತೆ ಫ್ಯಾನನ್ನು ಪಕ್ಕದಿಂದ ತಿರುಗಿಸಿಕೊಳ್ಳಿ, ಗಂಟೆಗೊಮ್ಮೆ ಐದು ನಿಮಿಷ ಹೊರಗೆ ನೆರಳಿನಲ್ಲಿ ನಿಂತು ತಣ್ಣೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಕೆನ್ನೆಗೆ ಇಟ್ಟುಕೊಳ್ಳಿ. ಐಸನ್ನು ನೇರವಾಗಿ ಇಡಬೇಡಿ. ಗೂಡಿನ ನೀರು ತಾಗಿದ ಕೈಯಿಂದಾಗಲಿ ಸೆರಗಿನಿಂದಾಗಲಿ ಮುಖ ಒರೆಸಿಕೊಳ್ಳಬೇಡಿ.

ರಾತ್ರಿ ಮನೆಗೆಲಸ ಮುಗಿದ ಮೇಲೆ, ನೊರೆ ಕಡಿಮೆಯಿರುವ ಸೌಮ್ಯ ಕ್ಲೆನ್ಸರನ್ನು ಒಂದು ರೂಪಾಯಿ ನಾಣ್ಯದಷ್ಟು ತೆಗೆದುಕೊಂಡು ಬೆರಳ ತುದಿಯಿಂದ ಸವರಿ ತೊಳೆಯಿರಿ. ಸಾಬೂನು ಚರ್ಮಕ್ಕಿಂತ ಬಹಳ ಕ್ಷಾರೀಯವಾದದ್ದು, ಅದನ್ನು ಮೈಗೆ ಮಾತ್ರ ಬಳಸಿ. ಮುಖ ಪೂರ್ತಿ ಒಣಗಲು ಹದಿನೈದು ನಿಮಿಷ ಬಿಡಿ. ಒದ್ದೆ ಚರ್ಮಕ್ಕೆ ಹಚ್ಚಿದರೆ ಔಷಧಿ ಹೆಚ್ಚು ಚುಚ್ಚುತ್ತದೆ. ಮೊದಲ ಎರಡು ವಾರ ಮಾಯಿಶ್ಚರೈಸರ್ ಒಂದೇ, ಬೇರೇನೂ ಇಲ್ಲ. ಇಷ್ಟೇನಾ ಎಂದು ನಿಮಗೆ ಅನಿಸಬಹುದು, ಆದರೆ ದಣಿದ ಚರ್ಮಕ್ಕೆ ಈ ಬಿಡುವು ಬೇಕೇಬೇಕು. ಮೂರನೆಯ ವಾರದ ಆರಂಭದಲ್ಲಿ ಶೇ. 0.75 ಮೆಟ್ರೊನಿಡಜೋಲ್ ಜೆಲ್ಲನ್ನು ದವಡೆಯ ಬಳಿ ಮೂರು ರಾತ್ರಿ ಸ್ವಲ್ಪವೇ ಹಚ್ಚಿ ನೋಡಿ. ತೊಂದರೆಯಾಗದಿದ್ದರೆ ಕಡಲೆಕಾಳಿನಷ್ಟು ಜೆಲ್ಲನ್ನು ಇಡೀ ಮುಖಕ್ಕೆ ತೆಳುವಾಗಿ, ಒಂದು ವಾರ ದಿನ ಬಿಟ್ಟು ದಿನ, ಆಮೇಲೆ ಪ್ರತಿ ರಾತ್ರಿ ಹಚ್ಚಿ, ಅದರ ಮೇಲೆ ಮಾಯಿಶ್ಚರೈಸರ್ ಹಚ್ಚಿ. ಇದರ ಫಲ ವಾರಗಳ ನಂತರವೇ ಕಾಣುವುದು.

ಅರಿಶಿನ, ಕಡಲೆಹಿಟ್ಟು, ನಿಂಬೆರಸ, ಮುಲ್ತಾನಿ ಮಿಟ್ಟಿ, ಪಾರ್ಲರಿನ ಬ್ಲೀಚು, ಸ್ಕ್ರಬ್ಬು ಯಾವುದೂ ಬೇಡ, ಮುಂದಿನ ತಿಂಗಳು ತಂಗಿಯ ಮದುವೆಯಿದ್ದರೂ ಬೇಡ. ಅರಿಶಿನದ ಶಾಸ್ತ್ರದಲ್ಲಿ ಕೈಗೂ ಕಾಲಿಗೂ ಹಚ್ಚಿಸಿಕೊಂಡರೆ ಸಾಕೆಂದು ಅಮ್ಮನಿಗೆ ನನ್ನ ಹೆಸರು ಹೇಳಿ. ಮೆಂಥಾಲ್, ಕರ್ಪೂರ ಸೇರಿದ ತಲೆನೋವಿನ ಮುಲಾಮು ಮತ್ತು ತಂಪು ಎಣ್ಣೆಗಳು ಹಣೆಯಿಂದ ಕೆನ್ನೆಗೆ ಇಳಿದು ಉರಿಸುತ್ತವೆ, ಅವನ್ನೂ ಬಿಡಿ. ತಲೆಗೆ ನೀರು ಹಾಕಿಕೊಳ್ಳುವಾಗ ಹಂಡೆಯ ಸುಡುನೀರು ಮುಖದ ಮೇಲೆ ಹರಿಯದಿರಲಿ. ನೆಗಡಿಯಾದರೂ ಮುಖಕ್ಕೆ ಹಬೆ ತೆಗೆದುಕೊಳ್ಳಬೇಡಿ.

ಊಟದಲ್ಲಿ ಇಂಥದ್ದೇ ಪಥ್ಯ ಎಂದಿಲ್ಲ. ಕೆಲವರಿಗೆ ಖಾರ, ಕೆಲವರಿಗೆ ಸುಡುವ ಕಾಫಿ ಕೆಂಪೇರಿಸುತ್ತದೆ, ಕೆಲವರಿಗೆ ಎರಡೂ ಏನೂ ಮಾಡುವುದಿಲ್ಲ. ಬಸ್ಸಾರು, ಮುದ್ದೆ ಬಿಡಬೇಕಿಲ್ಲ, ಬಿಸಿ ಆರಿದ ಮೇಲೆ ತಿನ್ನಿ. ಮುಖ ಉರಿದ ದಿನ ಅದಕ್ಕೆ ಮೊದಲು ಏನು ತಿಂದಿರಿ, ಎಲ್ಲಿದ್ದಿರಿ ಎಂದು ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆಸಿ. ಪ್ರತಿ ಭಾನುವಾರ ಬೆಳಿಗ್ಗೆ ಒಂದೇ ಕಿಟಕಿಯ ಬಳಿ, ಏನೂ ಹಚ್ಚದ ಮುಖದ ಒಂದು ಫೋಟೋ ತೆಗೆಸಿಕೊಳ್ಳಿ.

ಕಣ್ಣಲ್ಲಿ ಮರಳು ಬಿದ್ದಂತೆ ಚುಚ್ಚಿದರೆ ಅಥವಾ ರೆಪ್ಪೆಯ ಅಂಚು ಕೆಂಪಾದರೆ ನನಗೆ ತಿಳಿಸಿ, ಈ ಕಾಯಿಲೆ ಕಣ್ಣಿಗೂ ಬರುತ್ತದೆ. ಬೆಳಕು ನೋಡಲಾಗದಂತೆ ನೋವಾದರೆ ಅಥವಾ ದೃಷ್ಟಿ ಮಂಜಾದರೆ ಅದೇ ದಿನ ಕಣ್ಣಿನ ಡಾಕ್ಟರ ಬಳಿ ಹೋಗಿ. ಕೀಲುನೋವು, ಬಾಯಿಹುಣ್ಣು, ಜ್ವರ ಅಥವಾ ವಿಪರೀತ ಕೂದಲು ಉದುರುವಿಕೆ ಜೊತೆಗೂಡಿದರೆ ಅದು ಲೂಪಸ್ ಎಂಬ ಬೇರೆ ಕಾಯಿಲೆಯ ಸೂಚನೆಯಾಗಿರಬಹುದು. ಅದಕ್ಕಾಗಿಯೇ ರಕ್ತಪರೀಕ್ಷೆ ಬರೆದಿರುವುದು, ದಯವಿಟ್ಟು ಈ ವಾರವೇ ಮಾಡಿಸಿ.

ಆರು ವಾರದ ನಂತರ ಬರುವಾಗ ನೋಟ್‌ಬುಕ್ಕು, ಫೋಟೋಗಳು, ಮನೆಯಲ್ಲಿ ಮುಖಕ್ಕೆ ಬಳಸಿದ ಎಲ್ಲ ಟ್ಯೂಬು, ಡಬ್ಬಿಗಳನ್ನೂ, ಖಾಲಿಯಾದವನ್ನೂ ಸೇರಿಸಿ, ಒಂದು ಚೀಲದಲ್ಲಿ ತನ್ನಿ. ಅಂದು ಬೆಳಿಗ್ಗೆ ಮುಖಕ್ಕೆ ಏನನ್ನೂ ಹಚ್ಚದೆ, ಛತ್ರಿ ಹಿಡಿದು ಬನ್ನಿ.