ತಲೆಗೆಲ್ಲೈತೆ ಮಟ್ಟೆ?
(ರಸ್ತೆ ಸುರಕ್ಷತೆ ಜಾಹೀರಾತು, 30 ಸೆಕೆಂಡ್, ಚಿತ್ರೀಕರಣದ ಪ್ರತಿ)

ಜಾಗ: ಮದ್ದೂರು ಹತ್ತಿರದ ಒಂದು ಹಳ್ಳಿ. ತೆಂಗಿನ ತೋಟ, ಪಕ್ಕದಲ್ಲೇ ಹೆಂಚಿನ ಮನೆ, ಮನೆ ಮುಂದೆ ಕಲ್ಲುಚಪ್ಪಡಿ. ಬೆಳಿಗ್ಗೆ ಏಳೂವರೆ.

ಪಾತ್ರಗಳು: ತಾತ (70 ದಾಟಿದವರು, ಪಂಚೆ, ಹೆಗಲ ಮೇಲೆ ಟವಲ್), ಮೊಮ್ಮಗ ಮಂಜ (22), ಅವನ ತಂಗಿ ಪವಿ (19, ಕಾಲೇಜು ಬ್ಯಾಗು).

0–4 ಸೆಕೆಂಡ್
ತೆಂಗಿನ ಮರದ ತುದಿ. ಸದ್ದಿಲ್ಲ. ಒಂದು ಕಾಯಿ ಕಳಚಿಕೊಂಡು ಬೀಳುತ್ತದೆ. ದೊಪ್! ಉರುಳಿ ಬಂದು ಬೈಕಿನ ಚಕ್ರಕ್ಕೆ ತಾಗಿ ನಿಲ್ಲುತ್ತದೆ. ಕಾಯಿಗೆ ಏನೂ ಆಗಿಲ್ಲ.

(ಐವತ್ತು ಅಡಿಯಿಂದ ಬಿದ್ದ ಕಾಯಿ ನೆಲ ಮುಟ್ಟುವಾಗ ಗಂಟೆಗೆ ಸುಮಾರು 60 ಕಿ.ಮೀ. ವೇಗದಲ್ಲಿರುತ್ತದೆ. ನಮ್ಮ ಹುಡುಗರು ಬೈಕ್ ಓಡಿಸುವುದೂ ಹೆಚ್ಚುಕಮ್ಮಿ ಅಷ್ಟೇ ಅಲ್ವಾ? ಪರದೆ ಮೇಲೆ ಇದನ್ನು ಬರೆಯಬೇಡಿ. ಆದರೆ ಕಾಯಿಯನ್ನು ನಿಧಾನಗತಿಯಲ್ಲಿ ತೋರಿಸಬೇಡಿ, ಇದ್ದ ವೇಗದಲ್ಲೇ ಬೀಳಲಿ. ಈ ಶಾಟ್ ತೆಗೆಯುವಾಗ ಮರದ ಕೆಳಗೆ ಯಾರೂ ಇರಕೂಡದು.)

4–10 ಸೆಕೆಂಡ್
ಮಂಜ ಬೈಕ್ ಸ್ಟಾರ್ಟ್ ಮಾಡುತ್ತಾನೆ. ಹೆಲ್ಮೆಟ್ ಕನ್ನಡಿಗೆ ನೇತಾಡುತ್ತಿದೆ. ಪವಿ ಹಿಂದೆ ಹತ್ತುತ್ತಾಳೆ. ತಾತ ಬಿದ್ದ ಕಾಯಿ ಎತ್ತಿಕೊಳ್ಳುತ್ತಾರೆ.

ತಾತ: ಲೋ ಮಂಜ, ಅದ್ನ ತಲೆಗಾಕಲ್ವೇನ್ಲಾ?
ಮಂಜ: ಇಲ್ಲೇ ಮದ್ದೂರ್ಗೆ ಕಣ್ ತಾತ. ದಾರೀಲಿ ಪೊಲೀಸ್ನೋರು ಇರಲ್ಲ.

ತಾತ ಬೈಯುವುದಿಲ್ಲ. ನೆಲಕ್ಕೆ ನೆಟ್ಟ ಹಾರೆಯ ಪಕ್ಕ ಒಂದು ಸುಲಿದ ಕಾಯಿ ಇದೆ, ಜುಟ್ಟು ಬಿಟ್ಟದ್ದು. ಅದನ್ನು ಇನ್ನೊಂದು ಕೈಗೆ ತೆಗೆದುಕೊಳ್ಳುತ್ತಾರೆ.

10–17 ಸೆಕೆಂಡ್
ಇಡೀ ಜಾಹೀರಾತು ನಿಂತಿರುವುದು ಈ ಶಾಟ್ ಮೇಲೆ. ತಾತ ಚಪ್ಪಡಿ ಮುಂದೆ ನಿಂತಿದ್ದಾರೆ. ಎರಡೂ ಕೈ ತಲೆಯ ಎತ್ತರಕ್ಕೆ. ಎಡಗೈಯಲ್ಲಿ ಮಟ್ಟೆ ಇರುವ ಕಾಯಿ, ಬಲಗೈಯಲ್ಲಿ ಸುಲಿದ ಕಾಯಿ. ಜುಟ್ಟು ಕ್ಯಾಮೆರಾ ಕಡೆಗಿರಲಿ, ತಲೆಯ ಹಾಗೇ ಕಾಣುತ್ತದೆ. ಒಟ್ಟಿಗೆ ಕೈ ಬಿಡುತ್ತಾರೆ.

ದೊಪ್. ಫಟ್!

ಮಟ್ಟೆಯ ಕಾಯಿ ಪಕ್ಕಕ್ಕೆ ಉರುಳುತ್ತದೆ. ಸುಲಿದದ್ದು ಎರಡು ಹೋಳು. ನೀರು ಕಲ್ಲಿನ ಮೇಲೆ ಹರಡಿ, ಮಂಜನ ಚಪ್ಪಲಿಯವರೆಗೆ ಹರಿಯುತ್ತದೆ.

(ಎರಡೂ ಒಂದೇ ಕಲ್ಲಿನ ಮೇಲೆ ಬೀಳಬೇಕು, ಒಂದೇ ಶಾಟ್, ನಡುವೆ ಕಟ್ ಇಲ್ಲ. ಕಟ್ ಮಾಡಿದರೆ ಮಂಡ್ಯದ ಜನ ಹಿಡಿದೇ ಹಿಡಿಯುತ್ತಾರೆ. ಕತ್ತಿಯಿಂದ ಮೊದಲೇ ಕೀರು ಬಿಡಬೇಡಿ, ಹತ್ತು ಹನ್ನೆರಡು ಕಾಯಿ ಜಾಸ್ತಿ ತನ್ನಿ. ರಕ್ತ, ಆಂಬುಲೆನ್ಸ್ ಯಾವುದೂ ಬೇಡ, ಆ ನೀರೇ ಸಾಕು. ಇನ್ನೊಂದು ಮಾತು. ಕಾಯಿ ಒಡೆಯುವುದು ನಮ್ಮಲ್ಲಿ ಶುಭ, ಹೊಸ ಗಾಡಿಗೂ ಒಡೆಯುತ್ತೇವೆ. ಹಾಗಾಗಿ ಕುಂಕುಮ, ಹೂವು, ಗಂಟೆ ಸದ್ದು ಫ್ರೇಮಿನ ಹತ್ತಿರವೂ ಸುಳಿಯಬಾರದು.)

17–21 ಸೆಕೆಂಡ್
ಬೈಕ್ ಆಫ್ ಆಗಿದೆ. ಯಾರೂ ಮಾತಾಡುತ್ತಿಲ್ಲ.

ತಾತ (ಮೆಲ್ಲಗೆ): ಇದುಕ್ಕೆ ಮಟ್ಟೆ ಇತ್ತು, ಉಳ್ಕತು. ನಿನ್ ತಲೆಗೆಲ್ಲೈತ್ಲಾ ಮಟ್ಟೆ?

(ಇಲ್ಲಿ ನಗು ಬರಬಹುದು. ಬಂದರೆ ಬರಲಿ. ತಾತ ಮಾತ್ರ ನಗಬಾರದು.)

21–25 ಸೆಕೆಂಡ್
ಅಡ್ಡ ಕೊಯ್ದ ಕಾಯಿ: ಹೊರಗೆ ಮಟ್ಟೆಯ ನಾರು, ಒಳಗೆ ಚಿಪ್ಪು, ಅದರೊಳಗೆ ಬಿಳಿ ಕಾಯಿ. ಅದೇ ಅಳತೆ, ಅದೇ ಕೋನದಲ್ಲಿ ಅಡ್ಡ ಕೊಯ್ದ ಹೆಲ್ಮೆಟ್: ಹೊರಗೆ ಗಟ್ಟಿ ಕವಚ, ಒಳಗೆ ದಪ್ಪ ಥರ್ಮೋಕೋಲ್.

ಹಿನ್ನೆಲೆ ದನಿ (ಹೆಣ್ಣು ದನಿ, ಅವಸರವಿಲ್ಲದೆ): ಪೆಟ್ಟು ಮಟ್ಟೆ ತಿನ್ನಲಿ, ತಲೆ ಉಳಿಯಲಿ.

(ಥರ್ಮೋಕೋಲ್ ಚೆನ್ನಾಗಿ ಕಾಣಬೇಕು. ತಾನು ಜಜ್ಜಿಹೋಗಿ ತಲೆಗೆ ಬರುವ ಪೆಟ್ಟನ್ನು ಕಡಿಮೆ ಮಾಡುವುದು ಅದೇ. ಟೋಪಿಯಂಥ ಅರ್ಧ ಹೆಲ್ಮೆಟ್ ತಂದರೆ ವಾಪಸ್ ಕಳಿಸಿ. ಐಎಸ್‌ಐ ಗುರುತು, ಐಎಸ್ 4151 ಇರುವ, ಕಿವಿ ಮುಚ್ಚುವ ಹೆಲ್ಮೆಟ್ಟೇ ಬೇಕು.)

25–30 ಸೆಕೆಂಡ್
ಮಂಜ ಹೆಲ್ಮೆಟ್ ಹಾಕುತ್ತಾನೆ. ಗಲ್ಲದ ಕೆಳಗೆ ಪಟ್ಟಿ, ಕ್ಲಿಕ್. ಪವಿ ಒಳಗಿಂದ ಇನ್ನೊಂದು ಹೆಲ್ಮೆಟ್ ಹಿಡಿದು ಬರುತ್ತಾಳೆ. ಇನ್ನೊಂದು ಕ್ಲಿಕ್. ಈ ಎರಡು ಕ್ಲಿಕ್ ಬಿಟ್ಟರೆ ಬೇರೆ ಸಂಗೀತ ಬೇಡ. ಬೈಕ್ ತೋಟದ ದಾರಿಯಲ್ಲಿ ದೂರ ಸಾಗುತ್ತದೆ, ಹಿಂದಿನಿಂದ ಎರಡು ದುಂಡನೆಯ ಹೆಲ್ಮೆಟ್.

ಹಿನ್ನೆಲೆ ದನಿ: ಓಡಿಸೋರಿಗೂ, ಹಿಂದೆ ಕೂತೋರಿಗೂ ಹೆಲ್ಮೆಟ್.

ಪರದೆ ಮೇಲೆ, ದಪ್ಪ ಅಕ್ಷರದಲ್ಲಿ:
ತಲೆಗೂ ಇರಲಿ ಮಟ್ಟೆ.
ಹೆಲ್ಮೆಟ್ ಹಾಕಿ, ಪಟ್ಟಿ ಬಿಗಿಯಿರಿ.

ತಾತ ಒಡೆದ ಹೋಳುಗಳನ್ನು ಆರಿಸಿಕೊಂಡು ಮನೆ ಕಡೆ ತಿರುಗುತ್ತಾರೆ. ಚಟ್ನಿಗಾಯಿತು. ಹಿಂದೆ ತೋಟದಲ್ಲಿ ಇನ್ನೊಂದು ಕಾಯಿ, ದೊಪ್. ತಾತ ತಿರುಗಿಯೂ ನೋಡುವುದಿಲ್ಲ.