ದೃಶ್ಯ 4: ಹುಲಿಗಿಯ ಕೈಗೆ ಹುಟ್ಟು

ಹೊರಗೆ. ಆನೆಗೊಂದಿ ದಡ, ತುಂಗಭದ್ರಾ ಹೊಳೆ. ಬೆಳಗಿನ ಏಳು ಗಂಟೆ.
ಒಟ್ಟು 55 ಸೆಕೆಂಡು. ಸೆಕೆಂಡಿಗೆ 24 ಫ್ರೇಮ್.

ಹುಲಿಗಿ: ಒಂಬತ್ತು ವರ್ಷ. ಎರಡು ಜಡೆ, ಮೊಣಕಾಲು ದಾಟಿದ ಲಂಗ. ನಿಂತರೆ ತಾತನ ಎದೆಮಟ್ಟಕ್ಕೆ ಬರುತ್ತಾಳೆ.
ತಾತ: ಬಿಳಿ ಪಂಚೆ, ತಲೆಗೆ ಟವೆಲ್. ಬಲ ಭುಜ ಎಡಕ್ಕಿಂತ ಎರಡು ಬೆರಳು ಕೆಳಗೆ. ಈ ಇಳಿಜಾರು ಎಲ್ಲ ಪೋಸಿನಲ್ಲೂ ಇರಲಿ. ಅವನು ಹುಟ್ಟನ್ನು ಯಾಕೆ ಕೊಡುತ್ತಾನೆ ಅಂತ ಮಾತಲ್ಲಿ ಎಲ್ಲೂ ಹೇಳುವುದಿಲ್ಲ, ಈ ಭುಜವೇ ಹೇಳಬೇಕು.
ಮರಿ: ಕರಿ ಆಡಿನ ಮರಿ, ಒಂದು ಕಿವಿ ಬಿಳಿ.

ಶಾಟ್ 1. ವೈಡ್, 6 ಸೆಕೆಂಡು.
ಕ್ಯಾಮೆರಾ ಆನೆಗೊಂದಿ ದಡದಲ್ಲಿ, ಮುಖ ಹಂಪಿ ಕಡೆಗೆ. ಬಿಸಿಲು ಎಡದಿಂದ. ನೀರು ಬಲದಿಂದ ಎಡಕ್ಕೆ. ನಡುಹೊಳೆಯಲ್ಲಿ ಹಳೇ ಸೇತುವೆಯ ಕಲ್ಲಿನ ಕಂಬಗಳು, ಹಿಂದೆ ಗುಂಡುಗಳು ಪೇರಿಸಿದ ಗುಡ್ಡ. ಹರಿಗೋಲು ಫ್ರೇಮಿನ ಕೆಳಗಿನಿಂದ ಒಳಗೆ ಬಂದು ಕಂಬಗಳ ಕಡೆ ಸಾಗುತ್ತದೆ. ತಾತ ಮುಂದೆ ಮಂಡಿಯೂರಿ ಹುಟ್ಟು ಹಾಕುತ್ತಿದ್ದಾನೆ. ಹುಲಿಗಿ ಹಿಂದೆ, ಮರಿ ಅವಳ ತೊಡೆ ಮೇಲೆ.

ಶಾಟ್ 2. ಮೀಡಿಯಂ, ಪಕ್ಕದಿಂದ, 9 ಸೆಕೆಂಡು.
ತಾತ ಹುಟ್ಟು ಎತ್ತುತ್ತಾನೆ. ಅರ್ಧಕ್ಕೆ ನಿಲ್ಲುತ್ತಾನೆ. 12 ಫ್ರೇಮ್ ಹೋಲ್ಡ್, ಹುಟ್ಟಿನ ತುದಿಯಿಂದ ಮೂರು ಹನಿ ಬೀಳುವುದು ಮಾತ್ರ ಚಲನೆ. ಎಡಗೈ ಬಲ ಭುಜಕ್ಕೆ ಹೋಗುತ್ತದೆ. ಆಮೇಲೆ ಹುಟ್ಟನ್ನು ಅಡ್ಡ ಹಿಡಿದು ಹಿಂದಕ್ಕೆ ಚಾಚುತ್ತಾನೆ. ತಿರುಗಿ ನೋಡುವುದಿಲ್ಲ.

ತಾತ: ತಗೋ ಯವ್ವಾ. ಇವತ್ತು ನೀ ಹಾಕು.

ಶಾಟ್ 3. ಹುಲಿಗಿಯ ಕೈ, ಕ್ಲೋಸ್, 4 ಸೆಕೆಂಡು.
ಮುಖ ಬೇಡ. ಎಡಗೈ ಹರಿಗೋಲಿನ ಅಂಚಿನ ಬಿದಿರನ್ನು ಹಿಡಿದಿದೆ, ಬೆರಳ ಗೆಣ್ಣು ಬೆಳ್ಳಗಾಗಿವೆ. ಬಲಗೈ ಹುಟ್ಟಿನ ಹತ್ತಿರ ಹೋಗಿ, ತಟ್ಟನೆ ಹಿಂದೆ ಸರಿದು, ಮತ್ತೆ ಹೋಗಿ ಹಿಡಿಯುತ್ತದೆ. ಮೊದಲ ಸಲ ನಿಧಾನ, ಎರಡನೇ ಸಲ 4 ಫ್ರೇಮಿನಲ್ಲಿ ಮುಗಿಯಬೇಕು.

ಶಾಟ್ 4. ಕ್ಯಾಮೆರಾ ಹರಿಗೋಲಿನ ಒಳಗೆ, ಹುಲಿಗಿಯ ಬೆನ್ನ ಹಿಂದೆ, 14 ಸೆಕೆಂಡು.
ಈಗ ಜಾಗ ಅದಲುಬದಲಾಗಿದೆ, ಹುಲಿಗಿ ಮುಂದೆ. ಅವಳು ಬಲಕ್ಕೆ ಬಗ್ಗಿ ಹುಟ್ಟು ಹಾಕಿ ಜೋರಾಗಿ ಎಳೆಯುತ್ತಾಳೆ. ಹರಿಗೋಲು ಮುಂದೆ ಹೋಗುವುದಿಲ್ಲ, ಎಡಕ್ಕೆ ತಿರುಗುತ್ತದೆ. ದುಂಡಗಿರುವ ದೋಣಿ, ಒಂದೇ ಕಡೆ ಎಳೆದರೆ ಸುತ್ತುವುದೇ ಅದರ ಗುಣ. ದಯವಿಟ್ಟು ಇದನ್ನು ಸಾಮಾನ್ಯ ದೋಣಿಯ ಹಾಗೆ ನೆಟ್ಟಗೆ ಓಡಿಸಬೇಡಿ. ಹೊಳೆ ದಾಟಿದವರು ನೋಡಿದ ಕೂಡಲೇ ಸುಳ್ಳು ಅಂತಾರೆ.

ಕ್ಯಾಮೆರಾ ದೋಣಿಗೇ ಅಂಟಿಕೊಂಡಿರುವುದರಿಂದ ಹುಲಿಗಿ ಅಲ್ಲೇ ಇರುತ್ತಾಳೆ, ಹಿನ್ನೆಲೆ ಎಡದಿಂದ ಬಲಕ್ಕೆ ಜಾರುತ್ತದೆ: ಕಂಬ, ಗುಡ್ಡ, ಬಾಳೆತೋಟ, ಮತ್ತೆ ಕಂಬ. ದೋಣಿ ನಿಂತಲ್ಲೇ ಸುತ್ತುವುದರಿಂದ ಕಂಬ, ಗುಡ್ಡ, ತೋಟ ಎಲ್ಲ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಜಾರಲಿ. ಮೂರು ಏಟಿಗೆ ಒಂದು ಸುತ್ತು. ಏಟು ನಿಂತ ಮೇಲೂ ಸುತ್ತು ತಕ್ಷಣ ನಿಲ್ಲದೆ ಒಂದು ಸೆಕೆಂಡು ಮೆಲ್ಲಗೆ ಎಳೆದುಕೊಂಡು ಹೋಗಲಿ.

ಎರಡನೇ ಏಟಿಗೆ ಮರಿಯ ನಾಲ್ಕು ಕಾಲೂ ನಾಲ್ಕು ದಿಕ್ಕಿಗೆ ಹೋಗುತ್ತವೆ. ಹೊಟ್ಟೆ ನೆಲಕ್ಕೆ ತಾಗುತ್ತದೆ. ಮೂರನೇ ಏಟಿಗೆ ಹುಲಿಗಿ ಹುಟ್ಟನ್ನು ಎದೆಗೆ ಅವುಚಿಕೊಂಡು ಕುಸಿದು ಕೂರುತ್ತಾಳೆ. ಜಡೆಗಳು ಎರಡು ಫ್ರೇಮ್ ತಡವಾಗಿ ಕೆಳಗೆ ಬೀಳುತ್ತವೆ.

ಹುಲಿಗಿ: ತಾತಾ, ಇದು ನನ್ ಮಾತು ಕೇಳವಲ್ದು!

ಶಾಟ್ 5. ತಾತನ ಮೊಣಕಾಲು, ಕ್ಲೋಸ್, ಆಮೇಲೆ ಹುಲಿಗಿಯ ಮುಖ, 12 ಸೆಕೆಂಡು.
ಈ ದೃಶ್ಯದ ಜೀವ ಇಲ್ಲಿದೆ. ಇಲ್ಲಿ ಗಡಿಬಿಡಿ ಬೇಡ.

ತಾತನ ತೋರುಬೆರಳು ಫ್ರೇಮಿನಾಚೆ ನೀರಲ್ಲಿ ಅದ್ದಿ ಒಳಗೆ ಬರುತ್ತದೆ. ಮೊಣಕಾಲ ಮೇಲಿನ ಒಣ ಪಂಚೆಯ ಮೇಲೆ 8 ಬರೆಯುತ್ತದೆ, ಅಡ್ಡ ಮಲಗಿದ 8. ಬೆರಳು ಎಲ್ಲೂ ಎತ್ತುವುದಿಲ್ಲ. ಒದ್ದೆ ಗೆರೆ ಬೆರಳಿನ ಹಿಂದೆಯೇ ಬೂದು ಬಣ್ಣಕ್ಕೆ ತಿರುಗುತ್ತದೆ, ಅಂಚುಗಳು ಬಟ್ಟೆಯ ಎಳೆ ಹಿಡಿದು ಸ್ವಲ್ಪ ಹರಡುತ್ತವೆ.

ತಾತ: ಎಳೀಬ್ಯಾಡ. ಹಿಂಗ ಬರಿ. ನೀರಾಗ ಬರಿ.

ಹುಲಿಗಿಯ ಮುಖ. ತಲೆ ಅಲುಗುವುದಿಲ್ಲ, ಕಣ್ಣುಗುಡ್ಡೆ ಮಾತ್ರ 8ರ ದಾರಿಯಲ್ಲಿ ಒಂದು ಸಲ ಸುತ್ತುತ್ತದೆ. ಗದ್ದ ಸ್ವಲ್ಪ ಮೇಲಕ್ಕೆ. ಒಂದು ರೆಪ್ಪೆ ಬಡಿತ. ಕಟ್.

ಶಾಟ್ 6. ನೇರ ಮೇಲಿನಿಂದ, 10 ಸೆಕೆಂಡು.
ಹರಿಗೋಲು ಕಪ್ಪು ಬಟ್ಟಲಿನ ಹಾಗೆ. ಮುಂದಿನ ಅಂಚಿನಲ್ಲಿ ಹುಲಿಗಿಯ ಎರಡು ಜಡೆ, ಆಚೆ ಹುಟ್ಟು. ಮೊದಲ 8 ಓರೆಯಾಗುತ್ತದೆ, ದೋಣಿ ಒಂದಿಷ್ಟು ಎಡಕ್ಕೆ ವಾಲುತ್ತದೆ. ಎರಡನೆಯದು ಅಗಲವಾಗುತ್ತದೆ, ದೋಣಿ ಬಲಕ್ಕೆ ಬರುತ್ತದೆ. ಮೂರನೆಯದಕ್ಕೆ ಸುತ್ತು ನಿಲ್ಲುತ್ತದೆ. ಹಿಂದೆ ನೀರಿನಲ್ಲಿ ಮೊದಲ ಸಲ ನೆಟ್ಟಗಿನ ಜಾಡು ಮೂಡುತ್ತದೆ. ಸಂಗೀತ ಬೇಡ, ಹುಟ್ಟಿನ ಸಪ್ಪಳ ಸಾಕು.

ಮರಿ ಎದ್ದು ನಿಲ್ಲುತ್ತದೆ, ಒಂದೊಂದೇ ಕಾಲು. ನಡೆದು ಹೋಗಿ ತಾತನ ಮೊಣಕಾಲ ಮೇಲೆ ಗದ್ದ ಇಡುತ್ತದೆ, 8 ಬರೆದ ಜಾಗದಲ್ಲಿ. ಅದು ಆಗಲೇ ಅರ್ಧ ಆರಿದೆ.

ಕಂಬದ ನೆರಳು ದೋಣಿಯ ಮೇಲೆ ಹಾದು ಹೋಗುತ್ತದೆ. ಕಟ್.