ಮುಂಗೈಯ ಸಣ್ಣ ಗೆರೆ ಹಚ್ಚೆ: ವಿನ್ಯಾಸದ ವಿಮರ್ಶೆ

ನೀವು ಕಳುಹಿಸಿದ ಚಿತ್ರವನ್ನು ನಿಜ ಅಳತೆಯಲ್ಲೇ ಮುದ್ರಿಸಿಕೊಂಡು, ಗ್ರಾಹಕರ ಕೈಯ ಫೋಟೋಗಳ ಪಕ್ಕದಲ್ಲಿಟ್ಟು ನೋಡಿದೆ. ಏಳು ಎಲೆ, ಮೂರು ಮೊಗ್ಗುಗಳಿರುವ ಒಂದು ಬಳ್ಳಿ, ಅದರ ತುದಿಯಲ್ಲಿ ರೆಕ್ಕೆ ಬಿಚ್ಚಿದ ಗುಬ್ಬಿ, ಬಳ್ಳಿಯ ಕೆಳಗೆ ‘ಅಮ್ಮ’ ಎಂಬ ಬರಹ, ಮಣಿಕಟ್ಟಿನ ಹತ್ತಿರ ಕೈಯನ್ನು ಸುತ್ತುವ ಒಂದೇ ಒಂದು ತೆಳು ಗೆರೆ. ಇಷ್ಟನ್ನೂ 7 ಸೆಂಟಿಮೀಟರ್ ಅಗಲ, 6 ಸೆಂಟಿಮೀಟರ್ ಎತ್ತರದಲ್ಲಿ ಹಿಡಿಸಿದ್ದೀರಿ. ಬಳ್ಳಿಯ ಬಾಗು ನಿಜಕ್ಕೂ ಚೆನ್ನಾಗಿದೆ. ಅದನ್ನು ಎಲ್ಲಿಯೂ ತಿದ್ದಬೇಡಿ. ಆದರೆ ಈ ಚಿತ್ರ ಹಾಕಿದ ದಿನ ತೆಗೆಯುವ ಫೋಟೋಗೆ ಒಪ್ಪುವಂತಿದೆಯೇ ಹೊರತು, ಹತ್ತು ವರ್ಷದ ನಂತರದ ಕೈಗೆ ಒಪ್ಪುವಂತಿಲ್ಲ. ಗೆರೆಗಳ ಬಗ್ಗೆ ನೀವು ವಹಿಸಿರುವ ಕಾಳಜಿಯನ್ನು ಗೆರೆಗಳ ನಡುವಿನ ಖಾಲಿ ಜಾಗದ ಬಗ್ಗೆ ವಹಿಸಿಲ್ಲ ಎಂಬುದೇ ನನ್ನ ಮುಖ್ಯ ಆಕ್ಷೇಪ.

ಮೊದಲು ಗೆರೆಯ ದಪ್ಪದ ವಿಚಾರ. ಇಡೀ ಚಿತ್ರವನ್ನು ಸುಮಾರು 0.3 ಮಿಲಿಮೀಟರ್‌ನ ಒಂದೇ ದಪ್ಪದಲ್ಲಿ ಎಳೆದಿದ್ದೀರಿ, ಒಂಟಿ ಸೂಜಿಯಿಂದ ಹಾಕುವುದಾಗಿ ಬರೆದಿದ್ದೀರಿ. ಶಾಯಿ ನಿಲ್ಲುವುದು ಮೇಲ್ಚರ್ಮದ ಕೆಳಗಿನ ಒಳಚರ್ಮದಲ್ಲಿ, ಅಂದಾಜು ಒಂದರಿಂದ ಎರಡು ಮಿಲಿಮೀಟರ್ ಆಳದಲ್ಲಿ. ಅಲ್ಲಿರುವ ರಕ್ಷಣಾ ಕೋಶಗಳು ಬಣ್ಣದ ಕಣಗಳನ್ನು ನುಂಗಿ ಹಿಡಿದುಕೊಳ್ಳುತ್ತವೆ. ಒಂದು ಕೋಶ ಸತ್ತಾಗ ಹೊರಬಿದ್ದ ಕಣಗಳನ್ನು ಪಕ್ಕದ ಹೊಸ ಕೋಶ ಎತ್ತಿಕೊಳ್ಳುತ್ತದೆ. ಇಲಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಕೈಬದಲಾವಣೆಯನ್ನು ತೋರಿಸಿಕೊಟ್ಟಿತು. ಹಚ್ಚೆ ಉಳಿಯುವುದಕ್ಕೂ ಇದೇ ಕಾರಣ, ಅಂಚು ನಿಧಾನವಾಗಿ ಮೆತ್ತಗಾಗುವುದರಲ್ಲಿಯೂ ಇದರ ಪಾಲಿರಬೇಕು ಎಂದು ನಾನು ತಿಳಿದಿದ್ದೇನೆ. ಎಷ್ಟೇ ನುರಿತ ಕೈ ಹಾಕಿದರೂ ಗೆರೆ ಹರಡಿಯೇ ಹರಡುತ್ತದೆ. ಎಷ್ಟು ಎಂಬುದು ಆಳ, ಶಾಯಿಯ ಪ್ರಮಾಣ, ಚರ್ಮದ ಗುಣ, ಬಿಸಿಲು ಇವುಗಳ ಮೇಲೆ ನಿಂತಿದೆ. ತೆಳು ಗೆರೆಗೆ ಇದರ ಜೊತೆ ಇನ್ನೊಂದು ಅಪಾಯವೂ ಉಂಟು. ಅದರಲ್ಲಿ ಶಾಯಿಯೇ ಕಡಿಮೆಯಿರುವುದರಿಂದ, ಕೈ ಸ್ವಲ್ಪ ಮೇಲೇ ತೇಲಿದ ಕಡೆ ಗಾಯ ಮಾಗುವಾಗ ಗೆರೆ ತುಂಡುತುಂಡಾಗುತ್ತದೆ. ಆ ಭಯಕ್ಕೆ ಆಳಕ್ಕಿಳಿಸಿದರೆ ಶಾಯಿ ಕೊಬ್ಬಿನ ಪದರಕ್ಕೆ ಸೋರಿ, ಗೆರೆಯ ಸುತ್ತ ನೀಲಿ ನೆರಳು ಏಳುತ್ತದೆ. ಮಣಿಕಟ್ಟಿನ ಒಳಭಾಗದ ಚರ್ಮ ತೆಳ್ಳಗಿರುವುದರಿಂದ ಈ ಎರಡರ ನಡುವೆ ಸಿಗುವ ಅವಕಾಶ ಅಲ್ಲಿ ಬಹಳ ಕಿರಿದು.

ಆದ್ದರಿಂದ ಬಳ್ಳಿಯ ಕಾಂಡಕ್ಕೂ ಗುಬ್ಬಿಯ ಹೊರಗೆರೆಗೂ ಮೂರು ಸೂಜಿಯ ದುಂಡು ಲೈನರ್ ಬಳಸಿ, ಒಂಟಿ ಸೂಜಿಯನ್ನು ಎಲೆಯ ನಡುನರ ಮತ್ತು ಮೊಗ್ಗಿನ ತೊಟ್ಟಿಗೆ ಮಾತ್ರ ಉಳಿಸಿಕೊಳ್ಳಿ. ಇದರಿಂದ ಚಿತ್ರದ ಲಾಲಿತ್ಯ ಕೆಡುವುದಿಲ್ಲ. ದಪ್ಪ ಗೆರೆಯೊಂದು ಪಕ್ಕದಲ್ಲಿದ್ದಾಗ ತೆಳು ಗೆರೆ ಇನ್ನಷ್ಟು ತೆಳ್ಳಗೆ ಕಾಣುತ್ತದೆ. ಈಗ ಎಲ್ಲವೂ ಒಂದೇ ದಪ್ಪದಲ್ಲಿರುವುದರಿಂದ ಯಾವುದು ಮುಂದೆ, ಯಾವುದು ಹಿಂದೆ ಎಂದು ಕಣ್ಣಿಗೆ ಹೇಳುವವರೇ ಇಲ್ಲ.

ಇನ್ನು ಎಲೆಗಳ ವಿಷಯ. ನನಗೆ ಹೆಚ್ಚು ಆತಂಕವಿರುವುದು ಇಲ್ಲಿಯೇ. ಪ್ರತಿ ಎಲೆ 8 ಮಿಲಿಮೀಟರ್ ಉದ್ದ, 3 ಮಿಲಿಮೀಟರ್ ಅಗಲವಿದ್ದು, ನಡುನರದ ಎರಡೂ ಬದಿಗೆ ಐದೈದು ಪಕ್ಕದ ನರಗಳಿವೆ. ನಡುನರದ ಉದ್ದಕ್ಕೆ ಅಳೆದರೆ ನರದಿಂದ ನರಕ್ಕೆ 1.3 ಮಿಲಿಮೀಟರ್ ಇದೆಯಾದರೂ, ನರಗಳು 45 ಡಿಗ್ರಿ ಓರೆಯಾಗಿರುವುದರಿಂದ ನಿಜವಾದ ಅಂತರ 0.9 ಮಿಲಿಮೀಟರ್ ಅಷ್ಟೇ, ಅದರಲ್ಲಿ ಗೆರೆಯ ದಪ್ಪವನ್ನು ಕಳೆದರೆ ಉಳಿಯುವ ಖಾಲಿ ಚರ್ಮ 0.6 ಮಿಲಿಮೀಟರ್. ಗೆರೆ ಹರಡಿ ಇಮ್ಮಡಿ ದಪ್ಪವಾಯಿತೆಂದುಕೊಳ್ಳಿ, ಆಗ ಅದು 0.3ಕ್ಕೆ ಇಳಿಯುತ್ತದೆ, ನರಗಳು ಅಂಚಿಗೆ ಸೇರುವ ಮೂಲೆಗಳಲ್ಲಿ ಏನೂ ಉಳಿಯುವುದಿಲ್ಲ. ಎಲೆಯ ತುದಿ ಮೊದಲು ಮುಚ್ಚಿಕೊಂಡು, ಆಮೇಲೆ ಅಂಚಿನಿಂದ ಒಳಗೆ ಕಪ್ಪು ಹತ್ತುತ್ತಾ ಬರುತ್ತದೆ. ಏಳು ಎಲೆಗಳೂ ಹೀಗಾದರೆ ದೂರದಿಂದ ನೋಡಿದವರಿಗೆ ಬೂದು ಬಣ್ಣದ ಏಳು ಕಲೆಗಳು ಕಾಣುತ್ತವೆ.

ಇದನ್ನು ನೀವೇ ಪರೀಕ್ಷಿಸಬಹುದು. ಚಿತ್ರದ ಒಂದು ಪ್ರತಿಯಲ್ಲಿ ಎಲ್ಲ ಗೆರೆಗಳ ದಪ್ಪವನ್ನೂ ಎರಡರಷ್ಟು ಮಾಡಿ, ಸ್ವಲ್ಪ ಮಸುಕುಗೊಳಿಸಿ, ಕಪ್ಪನ್ನು ಕಡು ಬೂದಿಗೆ ಇಳಿಸಿ, ನಿಜ ಅಳತೆಯಲ್ಲೇ ಮುದ್ರಿಸಿ ಎರಡು ಮೀಟರ್ ದೂರದಿಂದ ನೋಡಿ. ಪರದೆಯ ಮೇಲೆ ಹಿಗ್ಗಿಸಿ ನೋಡಿದ್ದಕ್ಕೆ ಯಾವ ಬೆಲೆಯೂ ಇಲ್ಲ. ನಾನು ಮಾಡಿ ನೋಡಿದಾಗ ಬಳ್ಳಿ ಉಳಿಯಿತು, ಗುಬ್ಬಿಯ ಆಕಾರ ಉಳಿಯಿತು, ಎಲೆಗಳೂ ಅಕ್ಷರಗಳೂ ಹೋದವು. ನನ್ನ ಸಲಹೆ ಇಷ್ಟು: ಏಳು ಎಲೆಗಳನ್ನು ಐದಕ್ಕೆ ಇಳಿಸಿ, ಪ್ರತಿಯೊಂದನ್ನೂ 11 ಮಿಲಿಮೀಟರ್‌ಗೆ ಹಿಗ್ಗಿಸಿ, ಪಕ್ಕದ ನರಗಳನ್ನು ಪೂರ್ತಿ ತೆಗೆದುಹಾಕಿ, ನಡುನರವನ್ನೂ ತುದಿ ಮುಟ್ಟುವ ಮೊದಲೇ ನಿಲ್ಲಿಸಿ. ಎಲೆ ಬರಿದಾಯಿತು ಎನಿಸಿದರೆ ಒಂದು ಬದಿಗೆ ವಿರಳವಾದ ಚುಕ್ಕೆಗಳ ನೆರಳು ಕೊಡಿ. ಚುಕ್ಕೆಯೂ ಹರಡುತ್ತದೆ, ಆದರೆ ಹರಡಿದ ಚುಕ್ಕೆ ನೆರಳಾಗಿಯೇ ಇರುತ್ತದೆ. ಕೂಡಿಕೊಂಡ ಗೆರೆ ಗೆರೆಯಾಗಿ ಉಳಿಯುವುದಿಲ್ಲ.

ಬರಹದ ಬಗ್ಗೆ ಸ್ವಲ್ಪ ಕಟುವಾಗಿಯೇ ಹೇಳಬೇಕಾಗಿದೆ. 4 ಮಿಲಿಮೀಟರ್ ಎತ್ತರದ ‘ಅಮ್ಮ’ ಉಳಿಯುವುದಿಲ್ಲ. ‘ಅ’ದ ಒಳಸುರುಳಿ, ‘ಮ’ದ ಬಟ್ಟಲುಗಳು, ಅದರ ಕೆಳಗಿನ ಒತ್ತು, ಎಲ್ಲವೂ ನಿಂತಿರುವುದು ಒಳಗಿನ ಪುಟ್ಟ ಖಾಲಿ ಜಾಗಗಳ ಮೇಲೆ. ನಿಮ್ಮ ಚಿತ್ರದಲ್ಲಿ ಒತ್ತಕ್ಷರದ ಎತ್ತರ 2 ಮಿಲಿಮೀಟರ್ ಕೂಡ ಇಲ್ಲ, ಅದಕ್ಕೂ ಮೇಲಿನ ಅಕ್ಷರಕ್ಕೂ ನಡುವೆ ಅರ್ಧ ಮಿಲಿಮೀಟರ್ ಬಿಟ್ಟಿದ್ದೀರಿ; ಮೊದಲು ತುಂಬಿಕೊಳ್ಳುವುದೇ ಅದು. ಒಂದು ಎಲೆ ಮಸುಕಾದರೆ ಮಸುಕಾದ ಎಲೆ ಎಂದಾದರೂ ಅಂದಾರು, ಅಕ್ಷರ ಮಸುಕಾದರೆ ಓದಲಿಕ್ಕೇ ಆಗುವುದಿಲ್ಲ. ಮೂಲಾಕ್ಷರದ ಎತ್ತರವನ್ನು ಕನಿಷ್ಠ 8 ಮಿಲಿಮೀಟರ್‌ಗೆ ಏರಿಸಿ, ಒಳಗಿನ ಯಾವ ಖಾಲಿ ಜಾಗವೂ 1 ಮಿಲಿಮೀಟರ್‌ಗಿಂತ ಕಿರಿದಾಗದಂತೆ ಅಕ್ಷರಗಳನ್ನು ಕೈಯಲ್ಲೇ ಬರೆಯಿರಿ, ಒತ್ತನ್ನು ಸ್ವಲ್ಪ ಬಲಕ್ಕೆ ಸರಿಸಿ ಕೆಳಗಿಳಿಸಿ. ಕಂಪ್ಯೂಟರಿನ ಫಾಂಟನ್ನು ಹಾಗೆಯೇ ತೆಗೆದು ಇಟ್ಟಿದ್ದೀರೆಂದು ಕಾಣುತ್ತದೆ. ಅದು ಕಾಗದಕ್ಕೆ ಮಾಡಿದ್ದು. ಇಷ್ಟು ದೊಡ್ಡದು ಬೇಡವೆಂದು ಗ್ರಾಹಕರು ಹೇಳಿದರೆ ಬರಹವನ್ನು ಬಿಡುವುದೇ ಲೇಸು.

ಗುಬ್ಬಿಗೆ ಕಣ್ಣಾಗಿ ಬಿಟ್ಟಿರುವ ಪುಟ್ಟ ಖಾಲಿ ವೃತ್ತ ಮುಚ್ಚಿಹೋಗುತ್ತದೆ. ಒಂದೇ ಚುಕ್ಕೆ ಸಾಕು. ರೆಕ್ಕೆಯ ಒಂಬತ್ತು ಗರಿಗಳನ್ನು ನಾಲ್ಕಕ್ಕೆ ತನ್ನಿ.

ಇನ್ನು ಜಾಗ. ಗ್ರಾಹಕರ ಮಣಿಕಟ್ಟಿನ ಸುತ್ತಳತೆ 15 ಸೆಂಟಿಮೀಟರ್, ಅಲ್ಲಿಂದ 7 ಸೆಂಟಿಮೀಟರ್ ಮೇಲೆ 18 ಎಂದು ಬರೆದಿದ್ದೀರಿ. ಅಳತೆ ತೆಗೆದುಕೊಂಡದ್ದು ಒಳ್ಳೆಯದಾಯಿತು, ಆದರೆ ಅದನ್ನು ಚಿತ್ರಕ್ಕೆ ಬಳಸಿಕೊಂಡಿಲ್ಲ. 18 ಸೆಂಟಿಮೀಟರ್ ಸುತ್ತಳತೆಯ ಕೈಗೆ 7 ಸೆಂಟಿಮೀಟರ್ ಅಗಲದ ಚಿತ್ರವನ್ನು ಅಡ್ಡಲಾಗಿ ಅಂಟಿಸಿದರೆ ಅದು ಸುಮಾರು 140 ಡಿಗ್ರಿಯಷ್ಟು ಸುತ್ತಿಕೊಳ್ಳುತ್ತದೆ, ಅಂದರೆ ನಡುವಿನಿಂದ ಎರಡು ಕಡೆಗೂ 70 ಡಿಗ್ರಿ. ಕೈ ಪೂರ್ತಿ ದುಂಡಗಿದೆ ಎಂದುಕೊಂಡರೂ, ಎದುರಿನಿಂದ ನೋಡಿದಾಗ ಆ ಅಂಚಿನಲ್ಲಿರುವುದರ ಅಗಲ ಮೂರನೇ ಒಂದು ಭಾಗಕ್ಕೆ ಕುಗ್ಗಿ ಕಾಣುತ್ತದೆ. ನಿಜವಾದ ಕೈ ಮಣಿಕಟ್ಟಿನ ಹತ್ತಿರ ಚಪ್ಪಟೆಯಾಗಿದ್ದು ಬದಿಗಳಲ್ಲಿ ಥಟ್ಟನೆ ತಿರುಗುವುದರಿಂದ ಪರಿಣಾಮ ಇನ್ನೂ ಕೆಟ್ಟದ್ದು. ನೀವು ಆ ಅಂಚಿನಲ್ಲೇ ಗುಬ್ಬಿಯನ್ನು ಕೂರಿಸಿದ್ದೀರಿ. ಚಿತ್ರದ ಪ್ರಾಣವೇ ಅಲ್ಲಿರುವಾಗ ಅದು ಮಾತ್ರ ನೋಡುವವರಿಗೆ ಕಾಣದು.

ಬಳ್ಳಿಯನ್ನು ತಿರುಗಿಸಿ, ಕೈಯ ಉದ್ದಕ್ಕೆ ಸ್ವಲ್ಪ ಓರೆಯಾಗಿ ಏರುವಂತೆ ಮಾಡಿದರೆ ಈ ತೊಡಕು ಬಹುಪಾಲು ಬಗೆಹರಿಯುತ್ತದೆ. ಅಗಲ 4.5 ಸೆಂಟಿಮೀಟರ್ ಮೀರದಂತೆ ನೋಡಿಕೊಂಡರೆ ಚಿತ್ರ ಸುತ್ತುವುದು 90 ಡಿಗ್ರಿಯಷ್ಟು ಮಾತ್ರ, ಅಂಚಿನಲ್ಲಿಯೂ ಅಗಲದ ಶೇಕಡಾ 70ರಷ್ಟು ಕಾಣುತ್ತದೆ. ಉದ್ದಕ್ಕೆ ಜಾಗ ಧಾರಾಳವಾಗಿರುವುದರಿಂದ 10 ಸೆಂಟಿಮೀಟರ್‌ವರೆಗೆ ಬೆಳೆಸಬಹುದು, ಎಲೆಗಳಿಗೂ ಅಕ್ಷರಗಳಿಗೂ ನಾನು ಕೇಳಿದ ಜಾಗ ಅದರಲ್ಲೇ ಸಿಗುತ್ತದೆ. ಕಾಂಡ ಬೇಕಾದರೆ ಬದಿಗೆ ಸುತ್ತಿಕೊಂಡು ಹೋಗಲಿ, ಅರ್ಧ ಕಂಡರೂ ಅದಕ್ಕೆ ನಷ್ಟವಿಲ್ಲ. ಗುಬ್ಬಿಯೂ ಬರಹವೂ ಮಾತ್ರ ಒಳಗೈಯ ಚಪ್ಪಟೆ ಭಾಗದಲ್ಲೇ ಇರಬೇಕು. ಕೆಳಗಿನ ತುದಿ ಮಣಿಕಟ್ಟಿನ ಮಡಿಕೆಯಿಂದ ಕನಿಷ್ಠ ಎರಡು ಬೆರಳು ಮೇಲಿರಲಿ, ಏಕೆಂದರೆ ದಿನವಿಡೀ ಮಡಚಿ ಬಿಚ್ಚುವ ಚರ್ಮದಲ್ಲಿ ತೆಳು ಗೆರೆ ನೆಟ್ಟಗೆ ಮಾಗುವುದು ಕಷ್ಟ.

ಮಣಿಕಟ್ಟನ್ನು ಸುತ್ತುವ ಗೆರೆಯನ್ನು ನಾನಾದರೆ ಕೈಬಿಡುತ್ತೇನೆ. ಕೈ ಮೊಣಕೈ ಕಡೆಗೆ ದಪ್ಪವಾಗುತ್ತಾ ಹೋಗುವುದರಿಂದ, ನೆಟ್ಟನೆಯ ಪಟ್ಟಿಯಾಗಿ ಕತ್ತರಿಸಿದ ಸ್ಟೆನ್ಸಿಲನ್ನು ಸುತ್ತಿದರೆ ಎರಡು ತುದಿಗಳೂ ಮೊಣಕೈ ಕಡೆಗೆ ಏರುತ್ತವೆ. ಈ ಗ್ರಾಹಕರ ಅಳತೆಗೆ ಲೆಕ್ಕ ಹಾಕಿದರೆ ಅವು ಹಿಂಭಾಗದಲ್ಲಿ ಕೂಡುವ ಜಾಗ ಮುಂಭಾಗಕ್ಕಿಂತ ಸುಮಾರು 8 ಮಿಲಿಮೀಟರ್ ಮೇಲಿರುತ್ತದೆ, ಗೆರೆ ಅಲ್ಲಿ ಚೂಪಾಗಿ ಮುರಿದಂತೆ ಕಾಣುತ್ತದೆ. ಸುತ್ತುಗೆರೆ ಬೇಕೇ ಬೇಕೆಂದು ಗ್ರಾಹಕರು ಹಠ ಹಿಡಿದರೆ ಸ್ಟೆನ್ಸಿಲ್ ಬಿಟ್ಟು, ಅವರನ್ನು ನಿಲ್ಲಿಸಿ ಚರ್ಮದ ಮೇಲೇ ಪೆನ್ನಿನಿಂದ ಎಳೆಯಿರಿ, ಹಿಂದೆ ಒಂದಿಷ್ಟು ಜಾಗವನ್ನು ಬೇಕೆಂದೇ ತೆರೆದುಬಿಡಿ.

ಸ್ಟೆನ್ಸಿಲ್ ಇಡುವಾಗ ಕೈಯನ್ನು ಮೇಜಿನ ಮೇಲೆ ಅಂಗೈ ಮೇಲಾಗಿ ಚಾಚಿಸಬೇಡಿ. ನಿಮ್ಮ ಫೋಟೋಗಳೆಲ್ಲ ಹಾಗೆಯೇ ಇವೆ. ಅಂಗೈಯನ್ನು ತಿರುಗಿಸಿದಾಗ ಮುಂಗೈಯ ಎರಡು ಮೂಳೆಗಳಲ್ಲಿ ಒಂದು ಮತ್ತೊಂದರ ಮೇಲೆ ಹಾದುಹೋಗುತ್ತದೆ, ಚರ್ಮವೂ ಜೊತೆಗೆ ತಿರುಚಿಕೊಳ್ಳುತ್ತದೆ, ಮಣಿಕಟ್ಟಿನ ಬಳಿ ಹೆಚ್ಚು, ಮೊಣಕೈ ಬಳಿ ಕಡಿಮೆ. ಮೇಜಿನ ಮೇಲೆ ನೇರವಾಗಿ ಕಂಡ ಬರಹ ಕೈ ಇಳಿಬಿಟ್ಟಾಗ ವಾಲುವುದು ಇದರಿಂದಲೇ. ಗ್ರಾಹಕರು ಎದ್ದು ನಿಂತು, ಕೈ ಸಡಿಲವಾಗಿ ಇಳಿಬಿಟ್ಟು, ಹೆಬ್ಬೆರಳು ಮುಂದಾಗಿರುವ ಸ್ಥಿತಿಯಲ್ಲಿ ಇಡಿ. ನಂತರ ಅಂಗೈಯನ್ನು ಎರಡೂ ಕಡೆಗೆ ತಿರುಗಿಸಿ ಎಷ್ಟು ಕದಲುತ್ತದೆ ಎಂದು ಅವರಿಗೂ ತೋರಿಸಿ.

ಗೆರೆ ದಪ್ಪವಾದರೆ ಟಚ್-ಅಪ್ ಮಾಡಬಹುದೆಂದು ಟಿಪ್ಪಣಿಯಲ್ಲಿ ಬರೆದಿದ್ದೀರಿ. ಟಚ್-ಅಪ್ ಕಡಿದುಹೋದ ಗೆರೆಯನ್ನು ಜೋಡಿಸುತ್ತದೆ, ಮಾಸಿದ್ದನ್ನು ಕಪ್ಪಾಗಿಸುತ್ತದೆ; ಮುಚ್ಚಿಹೋದ ಜಾಗವನ್ನು ತೆರೆಯಲಾರದು, ಪ್ರತಿ ಬಾರಿಯೂ ಶಾಯಿಯನ್ನೇ ಕೂಡಿಸುತ್ತದೆ. ಆ ಭರವಸೆಯನ್ನು ಗ್ರಾಹಕರಿಗೆ ಕೊಡಬೇಡಿ.

ತಿದ್ದಿದ ಚಿತ್ರವನ್ನು ಎರಡು ಪ್ರತಿಗಳಲ್ಲಿ ಕಳುಹಿಸಿ: ಒಂದು ಹಾಕುವ ದಿನದ್ದು, ಇನ್ನೊಂದು ಗೆರೆ ಇಮ್ಮಡಿಸಿದ್ದು. ಸ್ಟೆನ್ಸಿಲ್ ಹಚ್ಚಿದ ಮೇಲೆ, ಕೈ ಇಳಿಬಿಟ್ಟಾಗ ಎದುರಿನಿಂದಲೂ ಎರಡು ಬದಿಗಳಿಂದಲೂ ಫೋಟೋ ತೆಗೆಯಿರಿ. ಅವನ್ನು ನೋಡುವವರೆಗೆ ಸೂಜಿ ಮುಟ್ಟಬೇಡಿ.